ಪ್ರತಿ ಪ್ರಶ್ನೆಯ ಕೆಳಗೆ ಒಂದಿಷ್ಟು ಜಾಗ

ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಎಲ್ಲರೂ ಅವಳನ್ನು ಪಾಯಿಂಟಕ್ಕ ಎಂದು ಕರೆಯುತ್ತಿದ್ದರು. ಕೌಂಟರಿಗೆ ಬಂದವರು ತಮ್ಮ ನಲ್ಲಿಯ ಕಥೆಯನ್ನು ಮನೆ ಕಟ್ಟಿಸಿದ ಕಾಲದಿಂದ ಶುರು ಮಾಡುತ್ತಿದ್ದರು. ಅವಳು ಅರ್ಧ ಕಥೆಯನ್ನು ತಾಳ್ಮೆಯಿಂದ ಕೇಳಿ, ಪೆನ್ನಿನ ಮುಚ್ಚಳ ತೆಗೆದು, "ಸರಿ ಯಜಮಾನ್ರೇ, ಈಗ ಪಾಯಿಂಟಿಗೆ ಬನ್ನಿ. ನೀರು ಬರ್ತಾನೇ ಇಲ್ವಾ, ಕೊಳಕಾಗಿ ಬರ್ತಿದೆಯಾ?" ಎನ್ನುತ್ತಿದ್ದಳು. ಬಂದವರು ಒಂದು ಕ್ಷಣ ತಬ್ಬಿಬ್ಬಾಗಿ, ಆಮೇಲೆ ಎರಡೇ ಮಾತಿನಲ್ಲಿ ವಿಷಯ ಹೇಳಿ ಹಗುರಾಗುತ್ತಿದ್ದರು.

ಅವಳು ತೀರಿಹೋಗಿ ಎರಡು ತಿಂಗಳಾಗುತ್ತ ಬಂತು. ಪತ್ರಿಕೆಯಲ್ಲಿ ಬರುವಂಥದ್ದೇನೂ ಅವಳ ಬದುಕಿನಲ್ಲಿ ನಡೆಯಲಿಲ್ಲ. ಒಂದೇ ಕಚೇರಿ, ಕಿಟಕಿ ಪಕ್ಕದ ಒಂದೇ ಮೇಜು, ಒಬ್ಬ ಗಂಡ, ಒಬ್ಬಳು ಮಗಳು, ಒಬ್ಬರು ಅತ್ತೆ. ಆದರೂ ಅವಳು ಎಂಥವಳು ಎಂದು ಯಾರಾದರೂ ಕೇಳಿದರೆ, ಮಗಳಿಗೆ ಒಂಬತ್ತು ತಿಂಗಳಾಗಿದ್ದಾಗ ಅವಳು ಮಕ್ಕಳ ಡಾಕ್ಟರಿಗೆ ಬರೆದ ಪತ್ರದ ಕಥೆ ಹೇಳಿದರೆ ಸಾಕು.

ಆಗ ಅವಳು ಹೆರಿಗೆ ರಜೆ ಮುಗಿಸಿ ಕೆಲಸಕ್ಕೆ ಮರಳಿ ಮೂರು ತಿಂಗಳಾಗಿತ್ತು. ಮೊದಮೊದಲು ಎಲ್ಲ ಸರಿಯಿತ್ತು. ಆಮೇಲೆ ಮಗು ರಾತ್ರಿ ಏಳತೊಡಗಿತು. ಸುಮ್ಮನೆ ಒಮ್ಮೆ ಎದ್ದು ಮಲಗುವುದಲ್ಲ, ಕಣ್ಣು ಹತ್ತಿತು ಎನ್ನುವಷ್ಟರಲ್ಲಿ ಮತ್ತೆ ಎದ್ದು ಅಳುವುದು. ಕಚೇರಿಯಲ್ಲಿ ಅವಳು ಕಾಗದಕ್ಕೆ ಹಾಕಬೇಕಾದ ತಾರೀಖಿನ ಮೊಹರನ್ನು ತನ್ನ ಅಂಗೈಗೇ ಒತ್ತಿಕೊಂಡಳು. ಫೈಲು ತರುತ್ತೇನೆಂದು ಒಳಕೋಣೆಗೆ ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲವೆಂದು ಪಕ್ಕದ ಮೇಜಿನ ಗೆಳತಿ ಹೋಗಿ ನೋಡಿದರೆ, ಕಪಾಟಿಗೆ ಹಣೆ ಆನಿಸಿ, ನಿಂತಲ್ಲೇ ನಿದ್ದೆ ಹೋಗಿದ್ದಳು.

"ಅಕ್ಕಾ, ಕುದುರೆ ಹಾಗೆ ನಿಂತ್ಕೊಂಡೇ ಮಲಗೋದು ಯಾವಾಗ ಕಲಿತ್ರಿ?"

"ಕಲಿತಿಲ್ಲ ಕಣೆ, ಬಂದುಬಿಡ್ತು," ಎಂದು ಅವಳು ಕಣ್ಣೊರೆಸಿಕೊಂಡಳು. ಹಣೆಯ ಮೇಲೆ ಕಪಾಟಿನ ಹಿಡಿಯ ಗುರುತು ಮೂಡಿತ್ತು.

ಮನೆಯಲ್ಲಿ ಎಲ್ಲರ ಬಳಿಯೂ ಒಂದೊಂದು ಕಾರಣ ಸಿದ್ಧವಿತ್ತು. ಗಂಡ ಬೇಕರಿಯಲ್ಲಿ ಒಲೆಯ ಕೆಲಸದವನು, ಬೆಳಗಿನ ಜಾವ ನಾಲ್ಕಕ್ಕೆ ಮನೆ ಬಿಡುತ್ತಿದ್ದ. ಅವನ ಪ್ರಕಾರ ಮಗುವಿಗೆ ಹಸಿವು. ಪಕ್ಕದ ಮನೆಯಾಕೆ ಹಲ್ಲು ಎಂದಳು, ಜೊತೆಗೆ ತನ್ನ ಮಗುವಿಗೆ ಕೊಡುತ್ತಿದ್ದ ನೆಗಡಿಯ ಸಿರಪ್ಪಿನ ಸೀಸೆ ತಂದು, "ಅರ್ಧ ಚಮಚ ಸಾಕು, ಬೆಳಗಿನ ತನಕ ಮಿಸುಕಾಡಲ್ಲ" ಎಂದು ಅಡುಗೆಮನೆಯ ಶೆಲ್ಫಿನ ಮೇಲೆ ಇಟ್ಟುಹೋದಳು. ಅತ್ತೆಯ ಕಾರಣ ಬೇರೆಯೇ.

"ನೀನು ಹಗಲೆಲ್ಲ ಹೊರಗಿರ್ತೀಯ. ಅದು ರಾತ್ರಿ ನಿನ್ನ ಹಿಡ್ಕೊಳ್ಳುತ್ತೆ. ಇದಕ್ಕೆ ಡಾಕ್ಟರು ಯಾಕೆ ಬೇಕು?"

"ಅತ್ತೆ, ಹಾಗಾದ್ರೆ ಏನು ಮಾಡ್ಲಿ?"

"ನಾನೇನೂ ಹೇಳಲ್ಲಮ್ಮ. ನಾನು ಹೇಳಿದ್ರೆ ಅತ್ತೆ ಹೇಳಿದ್ಲು ಅಂತ ಆಗುತ್ತೆ."

ಹೇಳದೆಯೇ ಎಲ್ಲ ಹೇಳಿಯಾಗಿತ್ತು. ಗಂಡನೂ ರೊಟ್ಟಿಹಿಟ್ಟು ಮೆತ್ತಿದ ಉಗುರುಗಳನ್ನು ನೋಡಿಕೊಳ್ಳುತ್ತ, "ಒಂದೆರಡು ವರ್ಷ ಬಿಟ್ಟು ಮತ್ತೆ ಸೇರ್ಕೊಂಡ್ರೆ ಆಗಲ್ವಾ?" ಎಂದ. ಬಿಟ್ಟರೆ ಆ ಮೇಜು ಮತ್ತೆ ಸಿಗುವುದಿಲ್ಲ ಎಂದು ಮೂವರಿಗೂ ಗೊತ್ತಿತ್ತು. ಅವಳು, "ಡಾಕ್ಟರ್ ಹೇಳ್ಲಿ. ನನ್ನ ಕೆಲಸದಿಂದಲೇ ಹೀಗಾಗ್ತಿದೆ ಅಂತ ಅವರು ಹೇಳಿದ್ರೆ ಈ ತಿಂಗಳೇ ಬಿಡ್ತೀನಿ. ಇಲ್ಲ ಅಂದ್ರೆ ಈ ಮಾತು ಇನ್ನು ಮನೇಲಿ ಬರಬಾರದು," ಎಂದಳು. ಅತ್ತೆ ಒಪ್ಪಿದರು. ಡಾಕ್ಟರು ತಮ್ಮ ಪರವಾಗಿಯೇ ಹೇಳುತ್ತಾರೆ ಎಂಬುದರಲ್ಲಿ ಅವರಿಗೆ ಅನುಮಾನವೇ ಇರಲಿಲ್ಲ. ಅವಳಿಗೂ ಒಳಗೊಳಗೆ ಹಾಗೇ ಅನಿಸಿತ್ತು.

ಮೊದಲ ಭೇಟಿ ಬರೀ ಗದ್ದಲದಲ್ಲಿ ಮುಗಿಯಿತು. ಹೊರಗೆ ಬೆಂಚುಗಳ ತುಂಬ ಕೆಮ್ಮುವ ಮಕ್ಕಳು. ಒಳಗೆ ಹೋದಾಗ ಮಗು ಡಾಕ್ಟರಮ್ಮನ ಕತ್ತಿನಲ್ಲಿದ್ದ ಸ್ಟೆತಾಸ್ಕೋಪು ಹಿಡಿದು ನಕ್ಕಿತು, ಆಮೇಲೆ ಅಜ್ಜಿಯ ಹೆಗಲಿಗೆ ಒರಗಿ ಗಾಢವಾಗಿ ನಿದ್ದೆ ಹೋಯಿತು. ರಾತ್ರಿ ಮಲಗುವುದೇ ಇಲ್ಲ ಎಂಬ ಮಗು! ಡಾಕ್ಟರಮ್ಮ ಕೇಳಿದ್ದಕ್ಕೆಲ್ಲ ಅತ್ತೆಯೇ ಉತ್ತರ ಕೊಟ್ಟರು. ಬಾಗಿಲ ಸಂದಿಯಿಂದ ಮುಂದಿನವರು ಇಣುಕುತ್ತಿದ್ದರು. "ಹಲ್ಲು ಬರ್ತಿರಬಹುದು, ನೋಡೋಣ" ಎಂಬ ಮಾತಿನೊಂದಿಗೆ ಅವರು ಹೊರಗೆ ಬಂದಿದ್ದರು. ಬಸ್ಸಿನಲ್ಲಿ ಕೂತಾಗ ಪಾಯಿಂಟಕ್ಕನಿಗೆ ತನ್ನ ಮೇಲೇ ನಗು ಬಂತು. ಕೌಂಟರಿನಾಚೆ ನಿಂತು ಕಥೆ ಹೇಳಲಾಗದೆ ತಡವರಿಸಿದವಳು ಇಂದು ತಾನೇ.

ಮಾರನೆಯ ದಿನ ಊಟದ ಬಿಡುವಿನಲ್ಲಿ ಅವಳು ಪತ್ರ ಬರೆಯಲು ಕುಳಿತಳು. ಬರೆದು ಬರೆದು ಪಳಗಿದ ಕೈ. ಮೇಲೆ ವಿಷಯ, ಕೆಳಗೆ ನಡೆದದ್ದು, ಆಮೇಲೆ ಪ್ರಶ್ನೆಗಳು, ಒಂದೊಂದು ಪ್ರಶ್ನೆಯ ಕೆಳಗೂ ಉತ್ತರ ಬರೆಯಲು ಒಂದಿಷ್ಟು ಖಾಲಿ ಜಾಗ. ಈ ಜಾಗ ಬಿಡುವುದು ಅವಳದೇ ರೂಢಿ. ಹೊಸದಾಗಿ ಸೇರಿದ ಗುಮಾಸ್ತರಿಗೂ ಅದನ್ನೇ ಕಲಿಸುತ್ತಿದ್ದಳು: "ಜಾಗ ಕಂಡ್ರೆ ಕೈ ತಾನಾಗೇ ತುಂಬುತ್ತೆ ಕಣ್ರೀ. ಬರೀ ಪ್ರಶ್ನೆ ಕಂಡ್ರೆ ಫೈಲಿಗೆ ಹೋಗುತ್ತೆ."

ಬರೆದು ಮುಗಿಸಿದಳು, ಮಡಚಿದಳು, ಮತ್ತು ವರ್ಷಗಟ್ಟಲೆ ಮಾಡುತ್ತ ಬಂದದ್ದನ್ನೇ ಮಾಡಿದಳು. ಕಾಗದವನ್ನು ಎಡಗಡೆಯ ಟ್ರೇಗೆ ಹಾಕಿ ಕೌಂಟರಿಗೆ ಹೋದಳು. ಹೊರಗೆ ಹೋಗುವ ಪತ್ರಗಳ ಟ್ರೇ ಅದು. ಅದರಲ್ಲಿದ್ದದ್ದೆಲ್ಲ ಮಧ್ಯಾಹ್ನ ವಿಭಾಗದ ಮುಖ್ಯಸ್ಥರ ಮೇಜಿಗೆ ಹೋಗಿ, ಅವರು ಓದಿ, ಕೆಂಪು ಪೆನ್ನಿನಲ್ಲಿ ತಿದ್ದಿ, ಸಹಿ ಹಾಕಿದ ಮೇಲೆಯೇ ಕಚೇರಿ ಬಿಡುತ್ತಿತ್ತು.

ಮುಖ್ಯಸ್ಥರು ನಿವೃತ್ತಿಯ ಅಂಚಿನ ಮನುಷ್ಯ, ನಕ್ಕದ್ದನ್ನು ಕಂಡವರಿಲ್ಲ. ಹಿಂದೆ ಅವರು ಸೋರಿಕೆ ಪತ್ತೆ ಮಾಡುವ ತಂಡದಲ್ಲಿದ್ದವರು. ಊರೆಲ್ಲ ಮಲಗಿ ಯಾರೂ ನಲ್ಲಿ ತಿರುಗಿಸದ ಹೊತ್ತಿನಲ್ಲಿ ಕೊಳವೆಯಲ್ಲಿ ಹರಿಯುವ ನೀರನ್ನು ಅಳೆಯುವುದು ಆ ತಂಡದ ಕೆಲಸ. ಆ ಹೊತ್ತಿನಲ್ಲೂ ನೀರು ಜೋರಾಗಿ ಹರಿಯುತ್ತಿದ್ದರೆ ಎಲ್ಲೋ ಒಡೆದಿದೆ ಎಂದರ್ಥ.

ಸಂಜೆ ಟ್ರೇ ಮರಳಿ ಬಂದಾಗ ಗೆಳತಿಯೇ ಮೊದಲು ನೋಡಿದ್ದು. "ಅಕ್ಕಾ... ಇದು ನಿಮ್ಮನೆ ವಿಷಯ ಅಲ್ವಾ?" ಎಂದು ಮೆಲ್ಲಗೆ ಕಾಗದ ಚಾಚಿದಳು. ಪಾಯಿಂಟಕ್ಕ ಅದನ್ನು ಕಿತ್ತುಕೊಂಡು ನೋಡಿದಳು. ತನ್ನ ಹಾಲು, ತನ್ನ ಮಗು, ತನ್ನ ಹಾಸಿಗೆಯ ವಿಷಯವನ್ನೆಲ್ಲ ಸಾಹೇಬರು ಓದಿದ್ದರು. ಓದಿದ್ದಷ್ಟೇ ಅಲ್ಲ, ತಿದ್ದಿದ್ದರು.

ಐದನೆಯ ಪ್ರಶ್ನೆಯ ಜಾಗದಲ್ಲಿ ಅವಳು ಬರೆದದ್ದು ಹೀಗಿತ್ತು: "ನಾನು ಕೆಲಸಕ್ಕೆ ಹೋಗುತ್ತಿರುವುದರಿಂದಲೇ ಮಗುವಿಗೆ ಈ ತೊಂದರೆಯಾಗಿದೆ ಎಂದು ನನಗೆ ಗೊತ್ತಿದೆ." ಅದರ ಪಕ್ಕದಲ್ಲಿ ಕೆಂಪು ಅಕ್ಷರ: "ಇದು ಪ್ರಶ್ನೆಯಲ್ಲ, ತೀರ್ಪು. ಕೇಳುವುದಿದ್ದರೆ ಕೇಳಿ." ಇನ್ನೂ ಮೇಲೆ, ರಾತ್ರಿಯ ವಿವರ ಇದ್ದ ಕಡೆ, ಅಂಚಿನಲ್ಲಿ ಒಂದು ಗೆರೆ: "ನಾಲ್ಕು ಗಂಟೆಯ ತನಕ ಎಲ್ಲ ಇದೆ. ಆರರಿಂದ ಮುಂದೆಯೂ ಇದೆ. ನಡುವೆ ಏನೂ ಇಲ್ಲ. ಯಾಕೆ?"

ಕ್ಷಮೆ ಕೇಳಲು ಅವರ ಕೋಣೆಗೆ ಹೋದಳು.

"ಸಾರ್, ಅದು ತಪ್ಪಿ ಬಂದದ್ದು..."

"ಗೊತ್ತಾಯ್ತು," ಎಂದರು ಅವರು, ತಲೆ ಎತ್ತದೆ. "ಸಹಿ ಹಾಕಿಲ್ಲ ನೋಡಿ." ಆಮೇಲೆ ಕನ್ನಡಕ ತೆಗೆದರು. "ಬರೆದದ್ದು ಚೆನ್ನಾಗಿದೆ ಕಣಮ್ಮ. ಆದ್ರೆ ದೂರು ಕೊಡೋರು ಯಾವ ಗಂಟೆ ವಿಷಯ ಬರೆಯಲ್ವೋ, ಒಡೆದಿರೋದು ಅಲ್ಲೇ. ನನ್ನ ಸರ್ವೀಸೆಲ್ಲ ಅದನ್ನೇ ನೋಡಿದ್ದು. ಆ ಡಾಕ್ಟರಿಗೆ ಅದು ಬೇಕಾಗುತ್ತೆ."

ಆ ಎರಡು ಗಂಟೆಯ ವಿಷಯವನ್ನು ಅವಳು ಯಾರಿಗೂ ಹೇಳಿರಲಿಲ್ಲ. ಬರೆಯುವಾಗ ಪೆನ್ನು ಆ ಜಾಗವನ್ನು ದಾಟಿ ಹೋಗಿತ್ತು, ಅಷ್ಟೇ. ಮೇಜಿಗೆ ಮರಳಿ, ಹೊಸ ಹಾಳೆ ತೆಗೆದು ಮತ್ತೆ ಬರೆದಳು. ಕಚೇರಿ ಖಾಲಿಯಾಗುತ್ತಿತ್ತು. ಗೆಳತಿ ಚೀಲ ಹೆಗಲಿಗೆ ಹಾಕಿಕೊಂಡು ಅವಳಿಗಾಗಿ ಕಾದಳು. ಹೀಗಿತ್ತು ಆ ಪತ್ರ:

"ಡಾಕ್ಟರಮ್ಮನವರಿಗೆ ನಮಸ್ಕಾರ.

ವಿಷಯ: ಒಂಬತ್ತು ತಿಂಗಳ ಮಗಳು ರಾತ್ರಿ ಪದೇ ಪದೇ ಏಳುವುದು.

ನಿನ್ನೆ ಬಂದಾಗ ನನಗೆ ಸರಿಯಾಗಿ ಹೇಳಲು ಆಗಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಮಗು ತುಂಬು ತಿಂಗಳಿಗೆ ಹುಟ್ಟಿದೆ. ತೂಕದ ಕಾರ್ಡು ಜೊತೆಗಿದೆ. ತೆವಳುತ್ತಾಳೆ, ಈಚೆಗೆ ಮಂಚ ಹಿಡಿದು ನಿಲ್ಲುತ್ತಾಳೆ. ಜ್ವರ, ವಾಂತಿ, ಭೇದಿ ಇಲ್ಲ. ಗೊರಕೆ ಇಲ್ಲ. ಹಗಲು ನಗುನಗುತ್ತಾ ಆಡುತ್ತಾಳೆ. ಗಟ್ಟಿ ಆಹಾರ ತಿನ್ನುವುದು ಕಡಿಮೆ, ನಾಲ್ಕೈದು ಚಮಚಕ್ಕೆ ಮುಖ ತಿರುಗಿಸುತ್ತಾಳೆ.

ಹಗಲು ಅಜ್ಜಿ ತೊಡೆಯ ಮೇಲೆ ತೂಗಿ ಮಲಗಿಸುತ್ತಾರೆ. ಸಂಜೆ ನಾನು ಬರುವ ತನಕ ಮಲಗಿರುತ್ತಾಳೆ. ರಾತ್ರಿ ನಾನು ಹಾಲು ಕುಡಿಸುತ್ತಲೇ ಮಲಗಿಸಿ ಆಮೇಲೆ ಹಾಸಿಗೆಗೆ ಹಾಕುತ್ತೇನೆ. ಅಲ್ಲಿಂದ ಎರಡು ಗಂಟೆಗೊಮ್ಮೆ, ಕೆಲವೊಮ್ಮೆ ಅದಕ್ಕೂ ಮೊದಲೇ, ಎದ್ದು ಅಳುತ್ತಾಳೆ. ಎತ್ತಿ ಹಾಲು ಕೊಟ್ಟರೆ ತಕ್ಷಣ ನಿದ್ದೆ ಹೋಗುತ್ತಾಳೆ. ಬೇರೆ ಯಾವುದಕ್ಕೂ ಸುಮ್ಮನಾಗುವುದಿಲ್ಲ. ಎದ್ದಾಗಲೆಲ್ಲ ಎತ್ತಿಕೊಳ್ಳುವವಳು ನಾನೇ.

ನಾಲ್ಕು ಗಂಟೆಗೆ ನನ್ನ ಗಂಡ ಕೆಲಸಕ್ಕೆ ಹೊರಡುವ ಸದ್ದಿಗೆ ಮತ್ತೆ ಏಳುತ್ತಾಳೆ. ಅತ್ತೆಗೆ ಎಚ್ಚರವಾಗಬಾರದೆಂದು ಅವಳನ್ನು ನಡುಮನೆಗೆ ತಂದು ಸೋಫಾದ ಮೇಲೆ ಕೂತು ಕುಡಿಸುತ್ತೇನೆ. ಅಲ್ಲಿಂದ ಆರರ ತನಕ ಏನಾಗುತ್ತದೆಂದು ನನಗೆ ಗೊತ್ತಿಲ್ಲ, ಏಕೆಂದರೆ ನಾನು ನಿದ್ದೆ ಹೋಗಿರುತ್ತೇನೆ. ಮೊನ್ನೆ ಕಣ್ಣು ಬಿಟ್ಟಾಗ ಮಗು ನನ್ನ ತೋಳಿಗೂ ಸೋಫಾದ ಬೆನ್ನಿಗೂ ನಡುವೆ ಜಾರಿ, ಮುಖ ದಿಂಬಿಗೆ ಒತ್ತಿಕೊಂಡಿತ್ತು. ಎತ್ತಿದ ತಕ್ಷಣ ಅತ್ತಳು. ಇದನ್ನು ಯಾರಿಗೂ ಹೇಳಿಲ್ಲ.

ನನ್ನ ಪ್ರಶ್ನೆಗಳು:

ಒಂದು. ಈ ವಯಸ್ಸಿನಲ್ಲಿ ರಾತ್ರಿ ಇಷ್ಟು ಸಲ ಹಾಲು ಬೇಕೇ? ಬೇಡವಾದರೆ ಹೇಗೆ ಕಡಿಮೆ ಮಾಡಲಿ?

ಎರಡು. ಕಿವಿ, ಹಲ್ಲು, ಹೊಟ್ಟೆ ಎಲ್ಲಾದರೂ ನೋವಿದೆಯೇ? ನೋವಿದೆ ಎಂದು ಮನೆಯಲ್ಲಿ ತಿಳಿಯುವುದು ಹೇಗೆ?

ಮೂರು. ನಿದ್ದೆ ಬರಲೆಂದು ನೆಗಡಿಯ ಸಿರಪ್ಪು ಕೊಡಬಹುದೇ? ಸೀಸೆ ಮನೆಯಲ್ಲಿದೆ, ಕೊಟ್ಟಿಲ್ಲ.

ನಾಲ್ಕು. ಅಳಲು ಬಿಡಬೇಕು ಎನ್ನುತ್ತಾರೆ. ಬಿಡಬೇಕೇ? ಎಷ್ಟು ಹೊತ್ತು?

ಐದು. ನಾನು ಕೆಲಸಕ್ಕೆ ಹೋಗುವುದರಿಂದ ಹೀಗಾಗುತ್ತಿದೆಯೇ? ಕೆಲಸ ಬಿಟ್ಟರೆ ಸರಿಹೋಗುತ್ತದೆಯೇ?

ಆರು. ಸೋಫಾದ ಮೇಲೆ ಆದದ್ದು ಎಷ್ಟು ಅಪಾಯ? ನಾನು ಏನು ಮಾಡಲಿ?"

ಐದನೆಯದನ್ನು ಪ್ರಶ್ನೆಯಾಗಿ ಬರೆಯಲು ಅವಳಿಗೆ ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು ಎಂದು ಗೆಳತಿಗೆ ನೆನಪು. ಪ್ರಶ್ನೆ ಕೇಳಿದರೆ ಹೌದು ಎಂಬ ಉತ್ತರವೂ ಬರಬಹುದಲ್ಲ.

ಮನೆಗೆ ಹೋಗುವ ಬಸ್ಸಿನಿಂದ ದಾರಿಯಲ್ಲೇ ಇಳಿದು ಇಬ್ಬರೂ ಕ್ಲಿನಿಕ್ಕಿಗೆ ಹೋದರು. ಕಾಂಪೌಂಡರು ಲಕೋಟೆಯನ್ನು ಬೆಳಕಿಗೆ ಹಿಡಿದು ನೋಡಿದ.

"ಏನಮ್ಮಾ ಇದು, ಡಾಕ್ಟರಿಗೆ ನೋಟಿಸಾ?"

"ನೋಟಿಸಲ್ಲ ಅಣ್ಣ, ದೂರು. ಮಗಳ ಮೇಲೆ."

"ಆರೋಪಿಗೆ ವಯಸ್ಸೆಷ್ಟು?"

"ಒಂಬತ್ತು ತಿಂಗಳು."

"ಹಾಗಾದ್ರೆ ಜಾಮೀನು ಸಿಗುತ್ತೆ ಬಿಡಿ," ಎಂದು ಅವನು ಲಕೋಟೆಯನ್ನು ಡ್ರಾಯರಿಗೆ ಹಾಕಲು ಹೋದ.

"ಅಣ್ಣ, ಡ್ರಾಯರು ಬೇಡ. ಅವರ ಕೈಗೇ ಕೊಡಿ. ನಾವು ಬರೋಕ್ಕೆ ಮುಂಚೆ ಅವರು ಓದಿರಬೇಕು." ಡ್ರಾಯರಿಗೆ ಹೋದ ಕಾಗದಗಳ ಗತಿ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕಾಂಪೌಂಡರು ಅವಳ ಕಣ್ಣ ಕೆಳಗಿನ ಕಪ್ಪನ್ನು ನೋಡಿ, ಏನೂ ಹೇಳದೆ ಎದ್ದು ಒಳಗೆ ಹೋದ.

ಎರಡು ದಿನ ಬಿಟ್ಟು, ಮಧ್ಯಾಹ್ನ, ಕ್ಲಿನಿಕ್ಕು ಮುಚ್ಚುವ ಹೊತ್ತಿಗೆ ಬನ್ನಿ, ಮನೆಯವರೆಲ್ಲ ಬನ್ನಿ ಎಂದು ಕರೆ ಬಂತು. ಬೆಂಚುಗಳು ಖಾಲಿ. ಅತ್ತೆ ಮಗುವನ್ನು ಎತ್ತಿಕೊಂಡು ಮುಂದೆ, ಬೇಕರಿಯಿಂದ ನೇರ ಬಂದ ಗಂಡ ಬಿಸಿ ರೊಟ್ಟಿಯ ವಾಸನೆ ಹೊತ್ತು ಹಿಂದೆ. ಪತ್ರ ಡಾಕ್ಟರಮ್ಮನ ಮೇಜಿನ ಮೇಲೆ ಬಿಡಿಸಿಟ್ಟಿತ್ತು. ಖಾಲಿ ಜಾಗಗಳಲ್ಲಿ ಪೆನ್ಸಿಲಿನ ಗೀಚು ಆಗಲೇ ಇತ್ತು.

ಡಾಕ್ಟರಮ್ಮ ದೊಡ್ಡ ಗಂಟಲಿನವರು, ಅವರ ಮಾತು ಹೊರಗಿನ ಬೆಂಚಿನ ತನಕ ಕೇಳುತ್ತಿತ್ತು. ಆ ದಿನ ದನಿ ತಗ್ಗಿಸಿ, "ಆರನೇದು ಮೊದಲು ನೋಡೋಣ," ಎಂದರು. "ಇವರಿಬ್ಬರಿಗೂ ಗೊತ್ತಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು.

"ನಾನು ಹೇಳ್ಲಾ, ನೀವೇ ಹೇಳ್ತೀರಾ?"

ಅವಳೇ ಹೇಳಿದಳು. ಎರಡು ವಾಕ್ಯದಲ್ಲಿ, ಪಾಯಿಂಟಿಗೆ. ಗಂಡ ಕುರ್ಚಿಯ ಕೈ ಹಿಡಿದುಕೊಂಡ. ಅತ್ತೆ ಮಗುವನ್ನು ಎದೆಗೆ ಒತ್ತಿಕೊಂಡರು.

"ಇದು ತುಂಬಾ ಅಪಾಯ," ಎಂದರು ಡಾಕ್ಟರಮ್ಮ. "ಸೋಫಾದ ಮೇಲೆ, ಆರಾಮಕುರ್ಚಿ ಮೇಲೆ ಮಗುವನ್ನ ಎತ್ಕೊಂಡು ನಿದ್ದೆ ಹೋಗಬಾರದು. ಮಗು ಸಂದಿಗೆ ಜಾರಿದ್ರೆ ಉಸಿರು ಕಟ್ಟುತ್ತೆ. ನಿದ್ದೆ ಬರೋ ಹಾಗಿದೆ ಅನ್ನಿಸಿದ್ರೆ ಸೋಫಾ ಹತ್ತಿರಕ್ಕೇ ಹೋಗಬೇಡಿ. ಮಗುವಿಗೆ ತನ್ನದೇ ಜಾಗ ಇರ್ಲಿ, ಸಮತಟ್ಟಾಗಿ, ಗಟ್ಟಿಯಾಗಿ, ದಿಂಬು ಗಿಂಬು ಇಲ್ಲದೆ. ಅಂಗಾತ ಮಲಗಿಸಿ. ಇದನ್ನ ಬರೆದದ್ದು ಒಳ್ಳೇದಾಯ್ತು. ಬರೆಯದೆ ಇದ್ದಿದ್ರೆ ನಾನು ಇವತ್ತೂ ಹಲ್ಲು ಅಂತಾನೇ ಹೇಳಿ ಕಳಿಸ್ತಿದ್ದೆ."

ಆಮೇಲೆ ಮಗುವನ್ನು ಮೇಜಿನ ಮೇಲೆ ಕೂರಿಸಿ ಕಿವಿಯೊಳಗೆ ಬೆಳಕು ಹಾಕಿ ನೋಡಿದರು, ಬಾಯಿ, ಗಂಟಲು, ಎದೆ, ಹೊಟ್ಟೆ ನೋಡಿದರು, ತೂಕ ಹಾಕಿ ಕಾರ್ಡಿನ ಗೆರೆಗೆ ಹೊಂದಿಸಿದರು. "ನೋವಿನ ಗುರುತು ಏನೂ ಇಲ್ಲ. ಒಂದು ಹಲ್ಲು ಬರೋದ್ರಲ್ಲಿದೆ, ಆದರೆ ತಿಂಗಳುಗಟ್ಟಲೆ ರಾತ್ರಿಯೆಲ್ಲ ಎಬ್ಬಿಸೋಕೆ ಹಲ್ಲಿಗೆ ಆಗಲ್ಲ. ಜ್ವರ ಬಂದ್ರೆ, ಕಿವಿ ಮುಟ್ಟಿಸಿಕೊಳ್ಳದೆ ಚೀರಿದ್ರೆ, ಹಾಲೂ ಬೇಡ ಅಂದ್ರೆ, ಗೊರಕೆ ಹೊಡೆದು ನಡುವೆ ಉಸಿರು ನಿಂತ ಹಾಗಾದ್ರೆ, ಎತ್ಕೊಂಡ್ರೂ ಸಮಾಧಾನ ಆಗದಿದ್ರೆ, ಅವತ್ತೇ ಬನ್ನಿ. ಸಿರಪ್ಪು ಬೇಡವೇ ಬೇಡ. ಇಷ್ಟು ಚಿಕ್ಕ ಮಗುವಿಗೆ ಅದರಿಂದ ಉಸಿರಾಟಕ್ಕೇ ತೊಂದರೆ ಆಗಬಹುದು. ಸೀಸೆ ಯಾರು ಕೊಟ್ರೋ ಅವರಿಗೆ ವಾಪಸ್ ಕೊಡಿ, ಅವರ ಮಗುವಿಗೂ ನಿದ್ದೆಗೆ ಅಂತ ಹಾಕಬೇಡಿ ಅಂತ ನಾನೇ ಹೇಳಿದೆ ಅನ್ನಿ."

"ಮತ್ತೆ ಯಾಕೆ ಏಳುತ್ತೆ ಡಾಕ್ಟ್ರೇ?" ಗಂಡ ಕೇಳಿದ.

"ನೀವೂ ಏಳ್ತೀರಿ. ರಾತ್ರಿ ಎಷ್ಟೋ ಸಲ ಅರೆ ಎಚ್ಚರ ಆಗುತ್ತೆ ಎಲ್ಲರಿಗೂ. ದಿಂಬು ಇದೆ, ಹೊದಿಕೆ ಇದೆ ಅಂತ ಗೊತ್ತಾದ ಕೂಡಲೇ ಮತ್ತೆ ನಿದ್ದೆ. ಬೆಳಿಗ್ಗೆ ನೆನಪೂ ಇರಲ್ಲ. ಈಗ ಯೋಚನೆ ಮಾಡಿ, ಮಂಚದ ಮೇಲೆ ಮಲಗಿದೋರು ಬೇಕರಿ ಒಲೆ ಮುಂದೆ ಕಣ್ಣು ಬಿಟ್ರೆ?"

"ಕೂಗ್ಕೋತೀನಿ."

"ಇವಳೂ ಅದನ್ನೇ ಮಾಡ್ತಿದ್ದಾಳೆ. ಕಣ್ಣು ಮುಚ್ಚಿದಾಗ ಅಮ್ಮನ ಎದೆ ಇತ್ತು, ಬಿಟ್ಟಾಗ ಇಲ್ಲ. ಹಾಸಿಗೆ ಮೇಲೆ ತಾನಾಗಿ ನಿದ್ದೆ ಹೋಗಿ ಇವಳಿಗೆ ಅಭ್ಯಾಸವೇ ಇಲ್ಲ. ಹಗಲು ಅಜ್ಜಿ ತೊಡೆ, ರಾತ್ರಿ ಅಮ್ಮನ ತೋಳು. ಹಾಲು ಕುಡಿಸಿ, ಆದ್ರೆ ಎಚ್ಚರ ಇರುವಾಗಲೇ ಮುಗಿಸಿ. ಆಮೇಲೆ ದಿನಾ ಒಂದೇ ಥರ, ಮೈ ಒರೆಸಿ, ದೀಪ ಸಣ್ಣ ಮಾಡಿ, ಒಂದು ಹಾಡು ಹೇಳಿ, ಕಣ್ಣು ಎಳೀತಿರುವಾಗಲೇ ಹಾಸಿಗೆಗೆ ಹಾಕಿ. ಎದ್ದಾಗ ಹಾರಿ ಎತ್ತಬೇಡಿ. ಮುಲುಗೋದು ಬೇರೆ, ಅಳೋದು ಬೇರೆ. ಸ್ವಲ್ಪ ಕಾಯಿರಿ. ಅತ್ತರೆ ಹೋಗಿ, ಕೈ ಇಡಿ, ಮೆಲ್ಲಗೆ ಮಾತಾಡಿ. ಬಾಗಿಲು ಹಾಕ್ಕೊಂಡು ಅಳೋಕೆ ಬಿಡಿ ಅಂತ ನಾನು ಹೇಳ್ತಿಲ್ಲ. ರಾತ್ರಿ ಇಷ್ಟು ಸಲ ಹಾಲು ಬೇಕಿಲ್ಲ, ತೂಕ ಚೆನ್ನಾಗಿದೆ. ಒಂದೇ ಏಟಿಗೆ ನಿಲ್ಲಿಸಬೇಡಿ, ಒಂದೊಂದಾಗಿ ಬಿಡಿಸಿ, ಕೊನೆಗೆ ಒಂದು ಸಲ ಉಳಿದರೂ ತಪ್ಪಿಲ್ಲ. ರಾತ್ರಿ ಕಡಿಮೆಯಾದ್ರೆ ಹಗಲು ತಾನಾಗೇ ತಿಂತಾಳೆ. ಅಜ್ಜೀ, ಸಂಜೆ ನಿದ್ದೆಯಿಂದ ಸ್ವಲ್ಪ ಬೇಗ ಎಬ್ಬಿಸಬೇಕು."

"ಮಲಗಿರೋ ಮಗುವನ್ನ ಎಬ್ಬಿಸೋದಾ?" ಎಂದರು ಅತ್ತೆ, ನೋವಾದವರಂತೆ. "ಪಾಪ ಅನ್ಸುತ್ತೆ ಡಾಕ್ಟ್ರೇ."

"ಸೊಸೆನೂ ಸ್ವಲ್ಪ ಪಾಪ ಅಜ್ಜೀ."

ಐದನೆಯ ಪ್ರಶ್ನೆ ಉಳಿಯಿತು. ಪಾಯಿಂಟಕ್ಕ ಕೈಗಳನ್ನು ಮಡಿಲಲ್ಲಿ ಬಿಗಿಯಾಗಿ ಹೆಣೆದುಕೊಂಡು ಕೂತಿದ್ದಳು. ಡಾಕ್ಟರಮ್ಮ ಆ ಸಾಲನ್ನು ಗಟ್ಟಿಯಾಗಿ ಓದಿ, ಅತ್ತೆಯ ಕಡೆಗೂ ಗಂಡನ ಕಡೆಗೂ ನೋಡಿದರು.

"ಇಲ್ಲ," ಎಂದರು. "ಈ ವಯಸ್ಸಿಗೆ ಮಗುವಿಗೆ ಹೊಸದಾಗಿ ಒಂದು ತಿಳಿಯುತ್ತೆ. ಅಮ್ಮ ಕಣ್ಣಿಗೆ ಕಾಣದಿದ್ರೂ ಎಲ್ಲೋ ಇದ್ದಾಳೆ ಅಂತ. ಎಲ್ಲೋ ಇದ್ದಾಳೆ ಅಂದ್ಮೇಲೆ ಕರೆಯುತ್ತೆ. ಮನೇಲೇ ಇರೋ ಅಮ್ಮಂದಿರ ಮಕ್ಕಳೂ ಹೀಗೇ ಎದ್ದು ಅಳ್ತಾರೆ, ಅವರೂ ಇಲ್ಲಿಗೇ ಬರ್ತಾರೆ. ಕೆಲಸ ಬಿಟ್ರೆ ಸರಿಹೋಗಲ್ಲ. ಹೊರಡುವಾಗ ಕದ್ದು ಹೋಗಬೇಡಿ, ಹೇಳಿ ಹೋಗಿ, ಬಂದ ಕೂಡಲೇ ಸ್ವಲ್ಪ ಹೊತ್ತು ಅವಳ ಜೊತೇನೇ ಇರಿ. ಸಾಕು." ಆಮೇಲೆ ಅವಳನ್ನೇ ನೋಡಿ, "ನೀವು ಕೇಳದ ಒಂದು ಪ್ರಶ್ನೆ ನಾನು ಕೇಳ್ತೀನಿ. ಮಗು ಮಲಗಿದಾಗಲೂ ನಿಮಗೆ ನಿದ್ದೆ ಬರಲ್ವಾ? ಯಾವುದೂ ಬೇಡ ಅನ್ನಿಸುತ್ತಾ? ಸುಮ್ಮಸುಮ್ಮನೆ ಅಳು ಬರುತ್ತಾ?"

"ನಿದ್ದೆ ನಿಂತಲ್ಲೇ ಬರುತ್ತೆ ಡಾಕ್ಟ್ರೇ. ಅಳು..." ಎಂದು ತಡೆದು, "ಇಷ್ಟು ದಿನ ಬಂದಿರ್ಲಿಲ್ಲ," ಎಂದಳು. ಆಗ ಬಂತು. ಮಗು ಅವಳ ಮುಖವನ್ನು ಬೆರಗಿನಿಂದ ನೋಡಿತು.

ಡಾಕ್ಟರಮ್ಮ ಅವಳು ಅಳುವಷ್ಟು ಅತ್ತು ಮುಗಿಸಲಿ ಎಂದು ಕಾದು, "ನಿದ್ದೆ ಸಿಕ್ಕಿದ ಮೇಲೂ ಹೀಗೇ ಇದ್ರೆ ಬಂದು ಹೇಳಿ, ನಾಚಿಕೊಳ್ಳಬೇಡಿ," ಎಂದರು. "ಈಗ ಪಾಳಿ ಹಂಚೋಣ. ಸಂಜೆ ಮಲಗಿಸೋದು ಅಪ್ಪ. ಮೊದಲನೇ ಸಲ ಎದ್ದಾಗಲೂ ಅಪ್ಪನೇ ಹೋಗ್ಲಿ. ಅಪ್ಪನ ಹತ್ರ ಹಾಲಿಲ್ಲ ಅಂತ ಅವಳಿಗೂ ಗೊತ್ತು. ನಾಲ್ಕು ಗಂಟೆಗೆ ಯಾರು?"

ಗಂಡ ತನ್ನ ಅಮ್ಮನ ಕಡೆ ನೋಡಿದ. ಆಮೇಲೆ ಅತ್ತೆ ಕೆಮ್ಮಿ ಗಂಟಲು ಸರಿಮಾಡಿಕೊಂಡರು.

"ನಾನು ಎದ್ದೇ ಇರ್ತೀನಿ," ಎಂದರು.

"ಯಾವಾಗ?"

"ದಿನಾ. ಮೂರೂವರೆಗೇ ಎಚ್ಚರ ಆಗುತ್ತೆ ನನಗೆ, ವಯಸ್ಸಾಯ್ತಲ್ಲ. ಕಣ್ಣು ಮುಚ್ಕೊಂಡು ಬಿದ್ದಿರ್ತೀನಿ. ಮಗು ಅಳೋದು ಕೇಳ್ಸುತ್ತೆ, ಇವಳು ಮೆಲ್ಲಗೆ ಎತ್ಕೊಂಡು ನಡುಮನೆಗೆ ಹೋಗೋದೂ ಕೇಳ್ಸುತ್ತೆ. ನನ್ನ ಕೈಗೆ ಕೊಡೋಕೆ ಇಷ್ಟ ಇಲ್ವೇನೋ ಅಂತ ಸುಮ್ಮನಿದ್ದೆ."

"ಅತ್ತೆ! ನಿಮಗೆ ಎಚ್ಚರ ಆಗಬಾರದು ಅಂತ ನಾನು..."

"ಗೊತ್ತಾಯ್ತು ಬಿಡಮ್ಮ, ಈಗ ನೀನೇ ಹೇಳಿದ್ಯಲ್ಲ." ಅವರು ಸೊಸೆಯ ಕಡೆ ತಿರುಗಿದರು. "ಎಷ್ಟು ದಿನ ಆ ಸೋಫಾದ ಮೇಲೆ... ನನ್ನನ್ನ ಒಂದು ಮಾತು ಕರೆಯೋದಲ್ವಾ?"

ಡಾಕ್ಟರಮ್ಮ ಪೆನ್ನು ತೆಗೆದು, ಪೆನ್ಸಿಲಿನ ಗೀಚಿನ ಮೇಲೆ ಆರೂ ಉತ್ತರಗಳನ್ನು ದುಂಡಗೆ ಬರೆದುಕೊಟ್ಟರು. ನಾಲ್ಕು ಗಂಟೆಯ ಮುಂದೆ "ಅಜ್ಜಿ" ಎಂದು ಬರೆದು ಕೆಳಗೆ ಗೆರೆ ಎಳೆದರು. ಬಾಗಿಲಲ್ಲಿ ಕಾಂಪೌಂಡರು, "ಆರೋಪಿಗೆ ಜಾಮೀನು ಸಿಕ್ತಾ?" ಎಂದು ಕೇಳಿದ. ಗಂಡನಿಗೆ ಅರ್ಥವಾಗಲಿಲ್ಲ. ಅವಳು ಮೂಗು ಒರೆಸಿಕೊಳ್ಳುತ್ತಲೇ ನಕ್ಕಳು.

ಒಂದೇ ರಾತ್ರಿಯಲ್ಲಿ ಏನೂ ಬದಲಾಗಲಿಲ್ಲ. ಮೊದಲ ಕೆಲವು ರಾತ್ರಿ ಇನ್ನೂ ಕೆಟ್ಟಿತು. ಅಪ್ಪನನ್ನು ಕಂಡು ಮಗು ಮೋಸಹೋದವಳ ಹಾಗೆ ಅಳುತ್ತಿತ್ತು. ಅವನು ಹಾಡು ಗೊತ್ತಿಲ್ಲದೆ ರೊಟ್ಟಿ, ಬನ್ನು, ಬಿಸ್ಕತ್ತುಗಳ ಹೆಸರನ್ನೇ ರಾಗವಾಗಿ ಹೇಳುತ್ತಿದ್ದ. ಆಮೇಲೆ ಏಳುವುದು ಕಡಿಮೆಯಾಯಿತು. ನಡುವೆ ನೆಗಡಿ ಬಂದು ಎಲ್ಲ ಮೊದಲಿನಂತಾಯಿತು, ಮತ್ತೆ ಶುರು ಮಾಡಿದರು. ಸಿರಪ್ಪಿನ ಸೀಸೆಯನ್ನು ಅತ್ತೆಯೇ ಪಕ್ಕದ ಮನೆಗೆ ಹೋಗಿ ಕೊಟ್ಟು, ಒಂದು ಗಂಟೆ ಉಪದೇಶ ಮಾಡಿ ಬಂದರು. ಕೆಲಸ ಬಿಡುವ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ. ಕೊಟ್ಟ ಮಾತಿಗೆ ಅತ್ತೆ ಗಟ್ಟಿಯಾಗಿ ನಿಂತರು. ನೆಂಟರು ಕೇಳಿದರೆ, "ಡಾಕ್ಟ್ರು ಬರೆದುಕೊಟ್ಟಿದ್ದಾರೆ" ಎಂದು ಒಳಗೆ ಹೋಗಿ ಕಾಗದ ತರಲು ಹೊರಡುತ್ತಿದ್ದರು.

ಕ್ಲಿನಿಕ್ಕಿನಿಂದ ಬಂದ ಮಾರನೆಯ ದಿನ ಮುಖ್ಯಸ್ಥರು ಕಾರಿಡಾರಿನಲ್ಲಿ ಎದುರಾಗಿ ಕೇಳಿದ್ದರು, "ಉತ್ತರ ಬಂತಾ?"

"ಬಂತು ಸಾರ್. ಆರಕ್ಕೂ."

"ಹಾಗಾದ್ರೆ ಫೈಲು ಮುಚ್ಚಿ."

"ಇನ್ನೂ ಇಲ್ಲ ಸಾರ್. ನಿನ್ನೆನೂ ನಾಲ್ಕು ಸಲ ಎದ್ಲು. ಆದ್ರೆ ಸೋರ್ತಿರೋದು ಎಲ್ಲಿ ಅಂತ ಗೊತ್ತಾಯ್ತು."

ಆಗ ಸಾಹೇಬರು ನಕ್ಕರು ಎಂದು ಅವಳು ಕೊನೆಯ ತನಕ ಹೇಳುತ್ತಿದ್ದಳು. ಕಚೇರಿಯಲ್ಲಿ ಒಬ್ಬರೂ ನಂಬಲಿಲ್ಲ.

ಆ ಕಿಟಕಿ ಪಕ್ಕದ ಮೇಜಿನಲ್ಲಿ ಅವಳು ಇನ್ನೂ ಇಪ್ಪತ್ತೈದು ವರ್ಷ ಕೂತಳು. ಕಾಯಿಲೆ ಬಂದಾಗಲೂ ಅದೇ ರೂಢಿ. ಆಸ್ಪತ್ರೆಯ ಹಾಸಿಗೆಯ ಮೇಲೆ, ಕೈ ನಡುಗುತ್ತಿದ್ದದ್ದರಿಂದ ಗೆಳತಿಯ ಕೈಯಲ್ಲಿ ಪ್ರಶ್ನೆಗಳನ್ನು ಬರೆಸಿದಳು. "ಜಾಗ ಬಿಡೇ," ಎಂದಳು. "ಬಿಟ್ಟಿದ್ದೀನಿ ಅಕ್ಕ." ತನಗೆ ಇನ್ನೆಷ್ಟು ದಿನ ಉಳಿದಿದೆ ಎಂಬುದು ಮೂರನೆಯ ಪ್ರಶ್ನೆ. ಅಲ್ಲಿನ ಎಳೆಯ ಡಾಕ್ಟರು ಅದನ್ನು ದಾಟಿ ನಾಲ್ಕನೆಯದಕ್ಕೆ ಹೋದಾಗ ಅವಳು ಮೆಲ್ಲಗೆ, "ಒಂದು ಬಿಟ್ಟು ಹೋಯ್ತು ಡಾಕ್ಟ್ರೇ," ಎಂದಳು. ಅವರು ನಿಂತು, ಕುರ್ಚಿ ಎಳೆದು ಕೂತು, ಉತ್ತರ ಕೊಟ್ಟರು. ಅವಳು ಕೇಳಿ, ಕೃತಜ್ಞತೆ ಹೇಳಿದಳು.

ಮೊನ್ನೆ ಮಗಳು ಅಮ್ಮನ ಮೇಜು ಖಾಲಿ ಮಾಡಲು ಕಚೇರಿಗೆ ಬಂದಿದ್ದಳು. ಮೊಹರು, ಚಹಾದ ಲೋಟ, ಬೆನ್ನಿಗೆ ಇಟ್ಟುಕೊಳ್ಳುತ್ತಿದ್ದ ಚಿಕ್ಕ ದಿಂಬು. ಎಡಗಡೆಯ ಟ್ರೇ ಕಚೇರಿಯದು, ಅದು ಅಲ್ಲೇ ಉಳಿಯಿತು. ಗೆಳತಿ ಅವಳಿಗೆ ಈ ಕಥೆಯನ್ನು ಹೇಳಿದಾಗ ಹುಡುಗಿ ಮೊಹರನ್ನು ಕೈಯಲ್ಲಿ ತಿರುಗಿಸುತ್ತ, "ಆಂಟಿ, ನಾನು ಅಮ್ಮನ್ನ ಅಷ್ಟೊಂದು ಕಾಡಿದ್ನಾ?" ಎಂದು ಕೇಳಿದಳು.

ಪ್ರಶ್ನೆ ಸ್ಪಷ್ಟವಾಗಿತ್ತು. ಅಮ್ಮನ ಮಗಳೇ.

"ಕಾಡಿದ್ದೆ," ಎಂದಳು ಗೆಳತಿ. "ಆದ್ರೂ ಬೆಳಿಗ್ಗೆ ಬಂದು ಇಲ್ಲಿ ಕೂತ್ಕೊಂಡು ನಿನ್ನ ಮಾತೇ ಆಡ್ತಿದ್ರು."